ಪ್ರೋಗ್ರಾಮ್ ಬರೆಯುವವರನ್ನು ಅಳೆಯುವುದು ಹೇಗೆ?

ಉದ್ದವನ್ನು ಅಳೆಯಲು ಅಡಿಕೋಲು ಉಂಟು, ತೂಕವನ್ನು ಅಳೆಯಲು ತಕ್ಕಡಿ ಉಂಟು. ಒಬ್ಬ ಮನುಷ್ಯನು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯಬಲ್ಲನೇ ಎಂಬುದನ್ನು ಅಳೆಯಲು ಯಾವ ಉಪಕರಣವಿದೆ? ಸಾಫ್ಟ್‌ವೇರ್ ಸಂಸ್ಥೆಗಳು ಇದಕ್ಕಾಗಿ ಬಳಸುವ ಉಪಕರಣವೆಂದರೆ ಸಂದರ್ಶನ. ಅಭ್ಯರ್ಥಿಗೆ ಒಂದು ಸಮಸ್ಯೆಯನ್ನು ಕೊಟ್ಟು, ಸುಮಾರು 45 ನಿಮಿಷಗಳ ಕಾಲ ಆತನು ಅದನ್ನು ಬಿಡಿಸುವುದನ್ನು ಸಂದರ್ಶಕನು ನೋಡುತ್ತಾನೆ. ಅನಂತರ ಅಂಕಗಳನ್ನು ಕೊಟ್ಟು, ಕೆಲಸಕ್ಕೆ ತೆಗೆದುಕೊಳ್ಳಬಹುದೇ ಇಲ್ಲವೇ ಎಂದು ನಾಲ್ಕಾರು ವಾಕ್ಯಗಳ ಶಿಫಾರಸನ್ನು ಬರೆಯುತ್ತಾನೆ. ನಮ್ಮ ವಾಚಕರಲ್ಲಿ ಅನೇಕರು ಕೆಲವು ವರ್ಷಗಳಲ್ಲಿ ಈ ಅಳತೆಗೆ ಒಳಗಾಗತಕ್ಕವರು. ಕೆಲವರು ಮುಂದೆ ಅಳೆಯುವವರ ಸ್ಥಾನದಲ್ಲಿಯೂ ಕುಳಿತಾರು. ಆದುದರಿಂದ ಈ ಉಪಕರಣವು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪು ತೋರಿಸುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಉಪಕರಣದ ದೋಷ

ಪ್ರಯೋಗಶಾಲೆಯಲ್ಲಿ ಎರಡು ಬಗೆಯ ದೋಷಗಳನ್ನು ನಾವು ಬಲ್ಲೆವು. ಓದುವಾಗ ಕಣ್ಣು ಅತ್ತಿತ್ತ ಸರಿದು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಬರುವ ದೋಷ ಒಂದು. ಇದು ಹಲವು ಸಲ ಅಳೆದು ಸರಾಸರಿ ತೆಗೆದರೆ ತಗ್ಗುತ್ತದೆ. ಉಪಕರಣದ ಮುಳ್ಳೇ ಸೊನ್ನೆಯಿಂದ ಸರಿದು ನಿಂತಿದ್ದರೆ ಬರುವ ದೋಷ ಇನ್ನೊಂದು. ಇದನ್ನು ಎಷ್ಟು ಸಲ ಅಳೆದರೂ ಕಳೆಯಲಾಗದು.

ಮನುಷ್ಯರು ಮನುಷ್ಯರಿಗೆ ಅಂಕ ಕೊಡುವಾಗ ಈ ಎರಡನೆಯ ಬಗೆಯ ದೋಷವೊಂದು ಸದಾ ಇರುತ್ತದೆ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ಎತ್ತಿ ತೋರಿಸಿದನು. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ಶೀಲ ಎಂದು ಬೇರೆ ಬೇರೆಯಾಗಿ ಅಂಕ ಕೊಟ್ಟಿದ್ದರು. ಆ ಅಂಕಗಳನ್ನು ಹೋಲಿಸಿ ನೋಡಿದಾಗ, ಒಂದು ಗುಣದಲ್ಲಿ ಹೆಚ್ಚು ಪಡೆದವನು ಉಳಿದ ಗುಣಗಳಲ್ಲಿಯೂ ಹೆಚ್ಚು ಪಡೆದಿರುವುದು ಅವನಿಗೆ ಕಂಡಿತು. ಗುಣಗಳ ನಡುವಿನ ಈ ಸಂಬಂಧವು ನಿಜವೆಂದು ನಂಬಲಾಗದಷ್ಟು ಗಾಢವಾಗಿದ್ದಿತು. ಅಧಿಕಾರಿಗಳು ನಾಲ್ಕು ಗುಣಗಳನ್ನು ಅಳೆದಿರಲಿಲ್ಲ. ಒಟ್ಟಾರೆ ತಮಗಾದ ಒಂದೇ ಅಭಿಪ್ರಾಯವನ್ನು ನಾಲ್ಕು ಸಲ ಬರೆದಿದ್ದರು. ಒಂದು ಗುಣದ ಪ್ರಭೆಯು ಉಳಿದವುಗಳ ಮೇಲೆ ಬೀಳುವುದರಿಂದ ಇದನ್ನು ಪ್ರಭೆಯ ದೋಷವೆನ್ನಬಹುದು.

ಪ್ರೋಗ್ರಾಮ್ ಸಂದರ್ಶನದಲ್ಲಿ ಈ ದೋಷವು ಬಹು ಸುಲಭವಾಗಿ ನುಗ್ಗುತ್ತದೆ. ನಿರರ್ಗಳವಾಗಿ ಇಂಗ್ಲಿಷ್ ಮಾತನಾಡುವ ಅಭ್ಯರ್ಥಿಯ ಪ್ರೋಗ್ರಾಮೂ ಚೆನ್ನಾಗಿರುವಂತೆ ಕಾಣುತ್ತದೆ. ತಡವರಿಸುವವನ ಸರಿಯಾದ ಆಲೋಚನೆಯೂ ಅರೆಬರೆಯೆಂದು ತೋರುತ್ತದೆ. ಇದಕ್ಕೆ ಪರಿಹಾರ ಮೂರು ಹೆಜ್ಜೆಗಳಲ್ಲಿದೆ. ಮೊದಲು ಕಂಡದ್ದನ್ನು ಕಂಡಂತೆ ಬರೆದುಕೊಳ್ಳಬೇಕು. ಆಮೇಲೆ ಪ್ರತಿಯೊಂದು ಗುಣವನ್ನೂ ಅದಕ್ಕೇ ಮೀಸಲಾದ ಅಳತೆಗೋಲಿನಿಂದ ಬೇರೆಯಾಗಿ ಅಳೆಯಬೇಕು. ಕಟ್ಟಕಡೆಗೆ ಶಿಫಾರಸನ್ನು ಬರೆಯಬೇಕು. ಈ ಕ್ರಮವು ಹಿಂದುಮುಂದಾದರೆ, ಎಂದರೆ ತೀರ್ಮಾನವು ಮೊದಲು ಬಂದರೆ, ಅಂಕಗಳು ಅದಕ್ಕೆ ಹೊಂದುವಂತೆ ತಾವಾಗಿಯೇ ಬಾಗುತ್ತವೆ.

ಮೂರು ಅಳತೆಗೋಲುಗಳು

ನಾವು ಇಲ್ಲಿ ಮೂರು ಗುಣಗಳನ್ನು ತೆಗೆದುಕೊಳ್ಳೋಣ: ಸಮಸ್ಯೆ ಬಿಡಿಸುವ ಶಕ್ತಿ, ವಿಚಾರವನ್ನು ತಿಳಿಸುವ ಶಕ್ತಿ, ಮತ್ತು ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ನೋಡುವ ಅಭ್ಯಾಸ. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ. ಐದರ ಬದಲು ನಾಲ್ಕನ್ನು ಆರಿಸುವುದಕ್ಕೆ ಕಾರಣವಿದೆ. ಐದರಲ್ಲಿ ಮೂರು ನಟ್ಟನಡುವಿನ ಅಂಕ. ಮನಸ್ಸು ಮಾಡಲಾರದ ಸಂದರ್ಶಕನು ಅಲ್ಲಿಯೇ ಆಶ್ರಯ ಪಡೆಯುತ್ತಾನೆ. ನಾಲ್ಕರಲ್ಲಿ ನಡುವಿನ ಅಂಕವೇ ಇಲ್ಲ.

ಅಂಕಕ್ಕಿಂತ ಮುಖ್ಯವಾದುದು ಅದರ ಅರ್ಥ. 'ಉತ್ತಮ', 'ಸಾಧಾರಣ' ಎಂಬ ಮಾತುಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಕೊಡುತ್ತವೆ. ಆದುದರಿಂದ ಪ್ರತಿ ಅಂಕದ ಎದುರಿಗೂ ಕಣ್ಣಿಗೆ ಕಾಣುವ ನಡತೆಯನ್ನು ಬರೆದಿಡಬೇಕು.

ಸಮಸ್ಯೆ ಬಿಡಿಸುವುದರಲ್ಲಿ, ಸುಳಿವು ಕೊಟ್ಟರೂ ಕೆಲಸ ಮಾಡುವ ವಿಧಾನವನ್ನು ಮುಟ್ಟದವನಿಗೆ 1. ನಿಧಾನವಾದ ವಿಧಾನದಲ್ಲಿಯೇ ಉಳಿದವನಿಗೆ, ಅಥವಾ ಮುಖ್ಯ ಹೆಜ್ಜೆಯನ್ನು ಸಂದರ್ಶಕನೇ ಹೇಳಿಕೊಡಬೇಕಾದವನಿಗೆ 2. ಒಂದು ಸುಳಿವಿನ ಬಳಿಕ ಒಳ್ಳೆಯ ವಿಧಾನವನ್ನು ತಾನೇ ಕಂಡುಕೊಂಡವನಿಗೆ 3. ಸುಳಿವಿಲ್ಲದೆ ಅದನ್ನು ಮುಟ್ಟಿ, ಅದು ಏಕೆ ಸರಿ, ಎಷ್ಟು ಹೆಜ್ಜೆ ಹಿಡಿಯುತ್ತದೆ ಎಂದು ತೋರಿಸಿದವನಿಗೆ 4.

ತಿಳಿಸುವುದರಲ್ಲಿ, ಕೇಳಿದರೂ ತಾನೇನು ಮಾಡುತ್ತಿರುವೆನೆಂದು ಹೇಳಲಾರದವನಿಗೆ 1. ಕೇಳಿದಾಗ ಮಾತ್ರ ಹೇಳುವವನಿಗೆ 2. ಬರೆಯುವ ಮೊದಲು ಅಸ್ಪಷ್ಟವಾದುದನ್ನು ಕೇಳಿ ತಿಳಿದು, ತನ್ನ ಯೋಜನೆಯನ್ನು ಹೇಳುವವನಿಗೆ 3. ಅಷ್ಟರ ಮೇಲೆ, ಆಕ್ಷೇಪ ಬಂದಾಗ ಏನನ್ನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಸ್ಪಷ್ಟಪಡಿಸುವವನಿಗೆ 4. ಈ ಅಳತೆಗೋಲಿನಲ್ಲಿ ಉಚ್ಚಾರಣೆಯಾಗಲಿ, ಇಂಗ್ಲಿಷಿನ ಸೊಗಸಾಗಲಿ, ಮಾತಿನ ವೇಗವಾಗಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪರೀಕ್ಷಿಸುವ ಅಭ್ಯಾಸದಲ್ಲಿ, ಏನನ್ನೂ ಪರೀಕ್ಷಿಸದೆ ಮುಗಿಯಿತೆನ್ನುವವನಿಗೆ 1. ತಾನಾಗಿ ಒಂದು ಸಾಮಾನ್ಯ ಉದಾಹರಣೆಯನ್ನಷ್ಟೇ ನೋಡಿ, ಕೇಳಿದಾಗ ಇನ್ನಷ್ಟು ನೋಡುವವನಿಗೆ 2. ತಾನಾಗಿಯೇ ಅಂಚಿನ ಸಂದರ್ಭಗಳನ್ನು ನೋಡುವವನಿಗೆ 3. ಬರುವ ಉತ್ತರವೇನೆಂದು ಮೊದಲೇ ಹೇಳಿ, ಆಮೇಲೆ ಪರೀಕ್ಷಿಸಿ, ತನ್ನ ದೋಷವನ್ನು ತಾನೇ ಹಿಡಿಯುವವನಿಗೆ 4.

ಒಂದು ಸಂದರ್ಶನ

ಈಗ ಒಬ್ಬ ಅಭ್ಯರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಕನ್ನಡ ಮಾಧ್ಯಮದಲ್ಲಿ ಓದಿ, ಆಗತಾನೆ ಪದವಿ ಮುಗಿಸಿ, ಬೆಂಗಳೂರಿನ ಒಂದು ಸಂಸ್ಥೆಗೆ ಸಂದರ್ಶನಕ್ಕೆ ಬಂದಿದ್ದಾಳೆ. ಸಮಸ್ಯೆ ಇದು: ಏರಿಕೆಯ ಕ್ರಮದಲ್ಲಿ ಜೋಡಿಸಿದ ಸಂಖ್ಯೆಗಳ ಒಂದು ಪಟ್ಟಿಯಿದೆ; ಕೊಟ್ಟ ಸಂಖ್ಯೆಯು ಅದರಲ್ಲಿ ಮೊಟ್ಟಮೊದಲು ಯಾವ ಸ್ಥಾನದಲ್ಲಿ ಬರುತ್ತದೆ ಎಂಬುದನ್ನು ಕಂಡುಹಿಡಿಯಬೇಕು.

ಸಂದರ್ಶಕನು ಗಡಿಯಾರವನ್ನು ನೋಡಿ ಟಿಪ್ಪಣಿ ಬರೆಯತೊಡಗುತ್ತಾನೆ. 3ನೆಯ ನಿಮಿಷದಲ್ಲಿ ಆಕೆ ಎರಡು ಪ್ರಶ್ನೆ ಕೇಳುತ್ತಾಳೆ: "ಒಂದೇ ಸಂಖ್ಯೆ ಮತ್ತೆ ಮತ್ತೆ ಬರಬಹುದೇ? ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಏನು ಉತ್ತರ ಕೊಡಬೇಕು?" ಬರಬಹುದು, ಇಲ್ಲದಿದ್ದರೆ `-1` ಕೊಡಬೇಕು ಎಂದು ಸಂದರ್ಶಕನು ಹೇಳುತ್ತಾನೆ. 6ನೆಯ ನಿಮಿಷದಲ್ಲಿ ಆಕೆ, ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗಬಹುದು, ಆದರೆ 10 ಲಕ್ಷ ಸಂಖ್ಯೆಗಳಿದ್ದರೆ 10 ಲಕ್ಷ ಹೋಲಿಕೆ ಬೇಕಾದೀತು ಎನ್ನುತ್ತಾಳೆ. ನಿಘಂಟಿನಲ್ಲಿ ಪದ ಹುಡುಕುವಾಗ ನಡುವಿನ ಪುಟ ತೆರೆದು, ಬೇಡದ ಅರ್ಧವನ್ನು ಬಿಡುವಂತೆ ಇಲ್ಲಿಯೂ ಮಾಡಬಹುದು; ಆಗ ಸುಮಾರು 20 ಹೆಜ್ಜೆ ಸಾಕು ಎಂದೂ ಸೇರಿಸುತ್ತಾಳೆ. ಇದು ಸರಿಯೇ. ಎರಡನ್ನು ಇಪ್ಪತ್ತು ಸಲ ಗುಣಿಸಿದರೆ 10,48,576 ಬರುತ್ತದೆ.

12ನೆಯ ನಿಮಿಷದಲ್ಲಿ ಅವಳ ವಿಧಾನ ಹೀಗಿದೆ: ಅರ್ಧ ಮಾಡುತ್ತ ಹೋಗಿ ಬೇಕಾದ ಸಂಖ್ಯೆ ಸಿಕ್ಕ ಕೂಡಲೆ ನಿಲ್ಲುವುದು, ಅಲ್ಲಿಂದ ಎಡಕ್ಕೆ ಒಂದೊಂದೇ ಹೆಜ್ಜೆ ನಡೆದು ಮೊದಲನೆಯದನ್ನು ಕಾಣುವುದು. ಇಲ್ಲಿ ಒಂದು ಕುಂದಿದೆ. ಸಂದರ್ಶಕನು ಕೇಳುತ್ತಾನೆ: "ಪಟ್ಟಿಯಲ್ಲಿ ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದರೆ ನಿಮ್ಮ ವಿಧಾನಕ್ಕೆ ಎಷ್ಟು ಹೆಜ್ಜೆ ಬೇಕು?" ಆಕೆ ಎರಡು ನಿಮಿಷ ಸುಮ್ಮನಿರುತ್ತಾಳೆ. ಬಳಿಕ ತಡವರಿಸುತ್ತ, ಆದರೆ ಖಚಿತವಾಗಿ ಹೇಳುತ್ತಾಳೆ: "ಎಡಕ್ಕೆ 5 ಲಕ್ಷ ಹೆಜ್ಜೆ ನಡೆಯಬೇಕಾಗುತ್ತದೆ. ಸಂಖ್ಯೆ ಸಿಕ್ಕಾಗ ನಿಲ್ಲುವುದೇ ತಪ್ಪು. ಸಿಕ್ಕರೂ ನಿಲ್ಲದೆ ಎಡಗಡೆಯ ಅರ್ಧದಲ್ಲಿ ಹುಡುಕುತ್ತ ಹೋಗಬೇಕು." 28ನೆಯ ನಿಮಿಷದ ಹೊತ್ತಿಗೆ ಪೈಥಾನ್ ಭಾಷೆಯಲ್ಲಿ ಹೀಗೆ ಬರೆದು ಮುಗಿಸುತ್ತಾಳೆ:

```python
def first_pos(a, x):
    lo, hi = 0, len(a) - 1
    while lo < hi:
        mid = (lo + hi) // 2
        if a[mid] < x:
            lo = mid + 1
        else:
            hi = mid
    if a[lo] == x:
        return lo
    return -1
```

ಇಲ್ಲಿ `lo` ಮತ್ತು `hi` ಎಂಬವು ಹುಡುಕಬೇಕಾದ ಭಾಗದ ಎಡ ಮತ್ತು ಬಲ ತುದಿಗಳು, `mid` ಅವುಗಳ ನಡು. ಸ್ಥಾನಗಳ ಎಣಿಕೆ ಸೊನ್ನೆಯಿಂದ ಆರಂಭ. ಆಕೆ `[2, 4, 4, 4, 7]` ಎಂಬ ಪಟ್ಟಿಯಲ್ಲಿ 4ನ್ನು ಹುಡುಕಿ ನೋಡುತ್ತಾಳೆ. ಮೊದಲ ನಡು 2ನೆಯ ಸ್ಥಾನ; ಅಲ್ಲಿ 4 ಇದೆ, ಬಲತುದಿ 2ಕ್ಕೆ ಬರುತ್ತದೆ. ಮುಂದಿನ ನಡು 1. ಅಲ್ಲಿಯೂ 4, ಬಲತುದಿ 1ಕ್ಕೆ ಬರುತ್ತದೆ. ಅನಂತರದ ನಡು 0. ಅಲ್ಲಿರುವುದು 2, ಅದು ಚಿಕ್ಕದು, ಎಡತುದಿ 1ಕ್ಕೆ ಸರಿಯುತ್ತದೆ. ಎರಡು ತುದಿಗಳೂ ಕೂಡಿದವು, ಉತ್ತರ 1. "ಮುಗಿಯಿತು" ಎನ್ನುತ್ತಾಳೆ.

33ನೆಯ ನಿಮಿಷದಲ್ಲಿ ಸಂದರ್ಶಕನು, "ಇನ್ನು ಯಾವ ಯಾವ ಪಟ್ಟಿಗಳನ್ನು ಕೊಟ್ಟು ನೋಡುವಿರಿ?" ಎನ್ನುತ್ತಾನೆ. ಆಕೆ ಪಟ್ಟಿಯಲ್ಲಿ ಇಲ್ಲದ 9ನ್ನೂ 1ನ್ನೂ ಹುಡುಕಿ ನೋಡುತ್ತಾಳೆ. ಎರಡಕ್ಕೂ `-1` ಬರುತ್ತದೆ. 36ನೆಯ ನಿಮಿಷದಲ್ಲಿ ಸಂದರ್ಶಕನು, "ಪಟ್ಟಿ ಖಾಲಿಯಾಗಿದ್ದರೆ?" ಎಂದು ನೇರವಾಗಿ ಕೇಳುತ್ತಾನೆ. ಖಾಲಿ ಪಟ್ಟಿಯಲ್ಲಿ `a[0]` ಎಂಬುದೇ ಇಲ್ಲವಾದುದರಿಂದ ಪ್ರೋಗ್ರಾಮ್ ಅಲ್ಲಿಯೇ ಮುರಿದು ಬೀಳುತ್ತದೆ. ಅರ್ಧ ನಿಮಿಷದಲ್ಲಿ ಆಕೆಗೆ ಅದು ಹೊಳೆಯುತ್ತದೆ. ಮೊದಲಲ್ಲೇ ಖಾಲಿಯೇ ಎಂದು ನೋಡುವ ಒಂದು ಸಾಲನ್ನು ಸೇರಿಸುತ್ತಾಳೆ.

ಈ ಸಮಸ್ಯೆ ಸಣ್ಣದೆಂದು ಯಾರೂ ಹಗುರವಾಗಿ ನೋಡಬಾರದು. ಹೀಗೆ ಅರ್ಧ ಮಾಡುತ್ತ ಹುಡುಕುವ ವಿಧಾನ 1946ರಲ್ಲಿಯೇ ಪ್ರಕಟವಾಗಿತ್ತು. ಆದರೆ ಪಟ್ಟಿಯ ಉದ್ದ ಎಷ್ಟೇ ಇದ್ದರೂ ಸರಿಯಾಗಿ ನಡೆಯುವ ರೂಪವು ಅಚ್ಚಾದುದು 1960ರಲ್ಲಿ ಎಂದು ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ಜಾವಾ ಭಾಷೆಯ ಭಂಡಾರದಲ್ಲಿದ್ದ ಇದೇ ವಿಧಾನದಲ್ಲಿ ಒಂದು ದೋಷ ಅಡಗಿದೆಯೆಂದು 2006ರಲ್ಲಿ ಜೋಶುವಾ ಬ್ಲಾಕ್ ಪ್ರಕಟಿಸಿದರು. ಅದನ್ನು ಬರೆದವರು ಅವರೇ. ಬಹು ದೊಡ್ಡ ಪಟ್ಟಿಗಳಲ್ಲಿ ಎರಡು ತುದಿಗಳ ಮೊತ್ತವು 2,14,74,83,647ನ್ನು ಮೀರಿ ಋಣಸಂಖ್ಯೆಯಾಗುತ್ತಿತ್ತು. ಪೈಥಾನಿನಲ್ಲಿ ಪೂರ್ಣಾಂಕಗಳಿಗೆ ಇಂತಹ ಮಿತಿಯಿಲ್ಲದುದರಿಂದ ನಮ್ಮ ಅಭ್ಯರ್ಥಿನಿಯ ಮೇಲೆ ಈ ದೋಷವನ್ನು ಹೊರಿಸಲಾಗದು. ಆದರೆ ಪರೀಕ್ಷಿಸುವ ಅಭ್ಯಾಸವನ್ನು ಏಕೆ ಬೇರೆಯಾಗಿ ಅಳೆಯಬೇಕೆಂಬುದು ಇದರಿಂದ ತಿಳಿಯುತ್ತದೆ: ಬಲ್ಲವರ ಕೈಯಲ್ಲಿಯೂ ತಪ್ಪು ಅಂಚುಗಳಲ್ಲಿ ಅಡಗಿರುತ್ತದೆ.

ಅಂಕ ಕೊಡುವುದು

ಸಂದರ್ಶನ ಮುಗಿದ ಕೂಡಲೆ, ಬೇರೆ ಸಂದರ್ಶಕರೊಡನೆ ಒಂದು ಮಾತನ್ನೂ ಆಡುವ ಮೊದಲು, ಅಂಕಗಳನ್ನು ಬರೆಯಬೇಕು. ಇಬ್ಬರು ವಿದ್ಯಾರ್ಥಿಗಳು ಲೋಲಕದ ಅವಧಿಯನ್ನು ಅಳೆಯುವಾಗ ಒಬ್ಬನು ಇನ್ನೊಬ್ಬನ ಪುಸ್ತಕವನ್ನು ನೋಡಿ ಬರೆದರೆ, ನಮಗೆ ಸಿಗುವುದು ಎರಡು ಅಳತೆಗಳಲ್ಲ; ಒಂದೇ ಅಳತೆಯ ಎರಡು ಪ್ರತಿಗಳು.

ಸಮಸ್ಯೆ ಬಿಡಿಸುವುದರಲ್ಲಿ ಆಕೆಗೆ ಎಷ್ಟು? ಒಳ್ಳೆಯ ವಿಧಾನವನ್ನು ಮುಟ್ಟಿದಳು, ಕಾರಣ ಹೇಳಿದಳು, ಹೆಜ್ಜೆಗಳನ್ನೂ ಎಣಿಸಿದಳು. ಆದರೆ ನಡುವೆ ಒಂದು ಸುಳಿವು ಬೇಕಾಯಿತು. ಸುಳಿವನ್ನು ತೂಗುವಾಗ ಅದರ ಬಗೆಯನ್ನು ನೋಡಬೇಕು. "ಇನ್ನೇನು ನೋಡುವಿರಿ?" ಎಂಬುದು ಯಾವ ದಿಕ್ಕನ್ನೂ ತೋರದ ಪ್ರಶ್ನೆ. "ಎಲ್ಲವೂ ಒಂದೇ ಆಗಿದ್ದರೆ?" ಎಂಬುದು ದಿಕ್ಕು ತೋರುವ ಸುಳಿವು. "ಸಿಕ್ಕಾಗ ನಿಲ್ಲಬೇಡಿ" ಎಂದಿದ್ದರೆ ಅದು ಉತ್ತರವನ್ನೇ ಹೇಳಿಕೊಟ್ಟಂತೆ. ಗಾಡಿಯನ್ನು ಹೊರಗಿನಿಂದ ಎಷ್ಟು ಬಲದಿಂದ ತಳ್ಳಿದೆವೆಂದು ತಿಳಿಯದೆ ಅದರ ಎಂಜಿನಿನ ಶಕ್ತಿಯನ್ನು ಹೇಳಲಾಗದು. ಆದುದರಿಂದ ಸುಳಿವನ್ನು ಅದೇ ಮಾತುಗಳಲ್ಲಿ ಬರೆದಿಡಬೇಕು. ಇಲ್ಲಿ ಸಿಕ್ಕಿದ್ದು ಎರಡನೆಯ ಬಗೆಯ ಒಂದೇ ಸುಳಿವು. ಅಂಕ 3.

ತಿಳಿಸುವುದರಲ್ಲಿ? ಆಕೆ ಬರೆಯುವ ಮೊದಲು ಪ್ರಶ್ನೆ ಕೇಳಿದಳು, ಯೋಜನೆ ಹೇಳಿದಳು, ಆಕ್ಷೇಪ ಬಂದಾಗ ಏನು ತಪ್ಪೆಂದು ಒಂದೇ ವಾಕ್ಯದಲ್ಲಿ ಹೇಳಿ ಬದಲಿಸಿದಳು. ಇಂಗ್ಲಿಷ್ ತಡವರಿಸಿತು, ಎರಡು ನಿಮಿಷ ಮೌನವಿತ್ತು. ಆದರೆ ಅಳತೆಗೋಲು ಇವೆರಡನ್ನೂ ಕೇಳುವುದಿಲ್ಲ. ಮೌನವೆಂದರೆ ಆಲೋಚನೆಯೂ ಆಗಿರಬಹುದು. ಅದರ ಬಳಿಕ ಏನು ಬಂದಿತೆಂಬುದೇ ಸಾಕ್ಷ್ಯ. ಅಂಕ 4.

ಪರೀಕ್ಷಿಸುವ ಅಭ್ಯಾಸದಲ್ಲಿ? ತಾನಾಗಿ ನೋಡಿದುದು ಒಂದೇ ಸಾಮಾನ್ಯ ಉದಾಹರಣೆ. ಇಲ್ಲದ ಸಂಖ್ಯೆಗಳನ್ನು ಕೇಳಿದ ಮೇಲೆ ನೋಡಿದಳು. ಖಾಲಿ ಪಟ್ಟಿಯನ್ನು ಹೇಳಿಯೇ ತೋರಿಸಬೇಕಾಯಿತು. ಬೇಗ ಸರಿಪಡಿಸಿದಳೆಂಬುದು ನಿಜ; ಆದರೆ ಅದು ಸಮಸ್ಯೆ ಬಿಡಿಸುವ ಶಕ್ತಿಗೆ ಸೇರಿದ ಸಾಕ್ಷ್ಯವೇ ಹೊರತು ಅಭ್ಯಾಸಕ್ಕೆ ಸೇರಿದುದಲ್ಲ. ಇಲ್ಲಿಯೇ ಪ್ರಭೆಯ ದೋಷ ಹೊಂಚು ಹಾಕುವುದು. ಮೆಚ್ಚುಗೆಯಾದ ಅಭ್ಯರ್ಥಿಗೆ 3 ಕೊಡಲು ಕೈ ತವಕಿಸುತ್ತದೆ. ಅಳತೆಗೋಲಿನಂತೆ ಅಂಕ 2.

ಈ ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ 3 ಬರುತ್ತದೆ. ಮೂರರಲ್ಲಿಯೂ ತಲಾ 3 ಪಡೆದ ಇನ್ನೊಬ್ಬನ ಸರಾಸರಿಯೂ 3. ಆದರೆ ಇವರು ಒಂದೇ ಬಗೆಯ ಅಭ್ಯರ್ಥಿಗಳಲ್ಲ. ಉದ್ದ, ತೂಕ, ಉಷ್ಣತೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಅರ್ಥವಿಲ್ಲದಂತೆ ಇಲ್ಲಿಯೂ ಸರಾಸರಿಗೆ ಅರ್ಥವಿಲ್ಲ. ಮೂರು ಅಂಕಗಳನ್ನೂ ಹಾಗೆಯೇ ಇಟ್ಟುಕೊಂಡು, ಕೆಲಸ ಎಂತಹುದು ಎಂಬುದರೊಡನೆ ಹೋಲಿಸಬೇಕು.

ಶಿಫಾರಸು

ಆತುರದ ಸಂದರ್ಶಕನು ಹೀಗೆ ಬರೆದಾನು: "ಚುರುಕಾದ ಹುಡುಗಿ. ಸಮಸ್ಯೆ ಬಿಡಿಸಿದಳು. ಇಂಗ್ಲಿಷ್ ಸುಧಾರಿಸಬೇಕು. ಏಕೋ ಪೂರ್ತಿ ಒಪ್ಪಿಗೆಯಾಗಲಿಲ್ಲ." ಇದನ್ನು ಓದಿದವರಿಗೆ ಸಂದರ್ಶಕನ ಮನಸ್ಸು ತಿಳಿಯುತ್ತದೆ; ಅಭ್ಯರ್ಥಿಯ ವಿಷಯ ಏನೂ ತಿಳಿಯುವುದಿಲ್ಲ. 'ಚುರುಕು' ಎಂಬುದನ್ನು ಯಾರೂ ಪರಿಶೀಲಿಸಲಾರರು. 'ಏಕೋ' ಎಂಬ ಒಂದು ಪದದಿಂದ ಒಬ್ಬರ ಜೀವನೋಪಾಯವು ಕೈತಪ್ಪಬಹುದು, ಮತ್ತು ಆ ಪದಕ್ಕೆ ಯಾವ ಉತ್ತರವನ್ನೂ ಕೊಡಲು ಬಾರದು.

ಒಳ್ಳೆಯ ಶಿಫಾರಸಿನಲ್ಲಿ ನಾಲ್ಕು ಅಂಗಗಳಿರುತ್ತವೆ: ತೀರ್ಮಾನ, ಅದಕ್ಕೆ ಆಧಾರವಾದ ಬಲವಾದ ಸಾಕ್ಷ್ಯ, ವಿರುದ್ಧವಾದ ಸಾಕ್ಷ್ಯ, ಮತ್ತು ಅಳೆಯದೆ ಉಳಿದುದರ ಉಲ್ಲೇಖ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆಯುವ ಇದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇವೆ:

"ಹೊಸಬರ ಹುದ್ದೆಗೆ ತೆಗೆದುಕೊಳ್ಳಬಹುದು. ಸಮಸ್ಯೆ ಬಿಡಿಸುವುದು 3, ತಿಳಿಸುವುದು 4, ಪರೀಕ್ಷಿಸುವುದು 2. ಅರ್ಧ ಮಾಡುತ್ತ ಹುಡುಕುವ ವಿಧಾನವನ್ನು ತಾನಾಗಿ ಮುಟ್ಟಿದರು. ಒಂದೇ ಸಂಖ್ಯೆ ಮರುಕಳಿಸಿದಾಗ ಅದು ನಿಧಾನವಾಗುವುದನ್ನು ಒಂದು ಸುಳಿವಿನ ಬಳಿಕ ಕಂಡು, ಕಾರಣ ಹೇಳಿ ಸರಿಪಡಿಸಿದರು. ಒಂದು ಉದಾಹರಣೆಯಷ್ಟೇ ನೋಡಿ ಮುಗಿಯಿತೆಂದರು. ಖಾಲಿ ಪಟ್ಟಿಯ ದೋಷವನ್ನು ನಾನು ಹೇಳಿದ ಮೇಲೆ ಕಂಡರು. ಮೊದಲ ತಿಂಗಳುಗಳಲ್ಲಿ ಅವರ ಪ್ರೋಗ್ರಾಮುಗಳ ಪರೀಕ್ಷೆಗಳನ್ನು ಹಿರಿಯರೊಬ್ಬರು ನೋಡುವುದು ಅಗತ್ಯ. ಇತರರು ಬರೆದ ದೊಡ್ಡ ಪ್ರೋಗ್ರಾಮನ್ನು ಓದಿ ತಿದ್ದುವ ಶಕ್ತಿಯನ್ನು ಈ ಸಂದರ್ಶನ ಅಳೆದಿಲ್ಲ."

ಪರೀಕ್ಷಿಸುವುದರಲ್ಲಿ 2 ಬಂದಿದ್ದರೂ ತೀರ್ಮಾನವು ಅನುಕೂಲವಾಗಿರುವುದೇಕೆ? ಮೂರು ಗುಣಗಳಲ್ಲಿ ಪರೀಕ್ಷಿಸುವ ಅಭ್ಯಾಸವೇ ಹೇಳಿಕೊಡುವುದಕ್ಕೆ ಹೆಚ್ಚು ಸುಲಭವಾದುದು. ಹೊಸಬರಿಗೆ ಹಿರಿಯರ ಮೇಲ್ವಿಚಾರಣೆಯೂ ಇರುತ್ತದೆ. ಆದರೆ ಬ್ಯಾಂಕಿನ ಹಣ ವರ್ಗಾವಣೆಯ ಪ್ರೋಗ್ರಾಮನ್ನು ಮೊದಲ ವಾರದಿಂದಲೇ ಒಂಟಿಯಾಗಿ ನೋಡಿಕೊಳ್ಳಬೇಕಾದ ಅನುಭವಿಯ ಹುದ್ದೆಗೆ ಇದೇ ಅಂಕಗಳು ಬಂದಿದ್ದರೆ, ತೀರ್ಮಾನವು ಪ್ರತಿಕೂಲವಾಗುತ್ತಿತ್ತು. ಅಂಕಗಳು ಬದಲಾಗುವುದಿಲ್ಲ; ಹುದ್ದೆಗೆ ತಕ್ಕಂತೆ ತೀರ್ಮಾನ ಬದಲಾಗುತ್ತದೆ.

ವಾಚಕರಿಗೆ ಅಭ್ಯಾಸ

ಇದೇ ಸಮಸ್ಯೆಯನ್ನು ಪಡೆದ, ಇದೇ ಹುದ್ದೆಗೆ ಬಂದ ಇನ್ನೊಬ್ಬ ಅಭ್ಯರ್ಥಿಯ ಟಿಪ್ಪಣಿ ಇಲ್ಲಿದೆ. ಸೊಗಸಾದ ಇಂಗ್ಲಿಷ್, ನಗುಮುಖ. ಏನನ್ನೂ ಕೇಳದೆ ಬರೆಯತೊಡಗಿ 9 ನಿಮಿಷಗಳಲ್ಲಿ ಮೇಲಿನ ಪ್ರೋಗ್ರಾಮನ್ನೇ ಬರೆದನು. ಅದು ಏಕೆ ಸರಿಯೆಂದು ಕೇಳಿದಾಗ, "ಇದು ಎಲ್ಲರಿಗೂ ತಿಳಿದ ವಿಧಾನ" ಎಂದನು. `[1, 3, 5]` ಎಂಬುದರಲ್ಲಿ 3ನ್ನು ಹುಡುಕಿ ತೋರಿಸಿದನು. ಖಾಲಿ ಪಟ್ಟಿಯ ಮಾತೆತ್ತಿದಾಗ, "ಅಂತಹ ಪಟ್ಟಿ ಬರಲಾರದು" ಎಂದನು. ಸಮಸ್ಯೆಯನ್ನು ತುಸು ಬದಲಿಸಿ, ಮೊದಲನೆಯದರ ಬದಲು ಕೊನೆಯ ಸ್ಥಾನ ಬೇಕೆಂದಾಗ, `lo = mid` ಎಂದು ಬರೆದನು. `lo` 3, `hi` 4 ಆಗಿದ್ದಾಗ ನಡು ಯಾವಾಗಲೂ 3 ಆಗಿಯೇ ಉಳಿಯುವುದರಿಂದ ಆ ಪ್ರೋಗ್ರಾಮ್ ಎಂದೂ ನಿಲ್ಲುವುದಿಲ್ಲ. ಎರಡು ಸುಳಿವುಗಳ ಬಳಿಕವೂ ಕಾರಣ ಅವನಿಗೆ ಕಾಣಲಿಲ್ಲ.

ಮೂರು ಅಳತೆಗೋಲುಗಳಿಂದ ಇವನಿಗೆ ಅಂಕ ಕೊಟ್ಟು, ಐದು ವಾಕ್ಯಗಳ ಶಿಫಾರಸನ್ನು ಬರೆಯಿರಿ. ಒಬ್ಬ ಸ್ನೇಹಿತನಿಗೂ ಬೇರೆಯಾಗಿ ಬರೆಯಲು ಹೇಳಿ, ಬಳಿಕ ಎರಡನ್ನೂ ಹೋಲಿಸಿ. ಅಂಕಗಳು ಬೇರೆಯಾದಲ್ಲಿ ವಾದಕ್ಕೆ ತೊಡಗದೆ, ಟಿಪ್ಪಣಿಯ ಯಾವ ಸಾಲನ್ನು ನೀವಿಬ್ಬರೂ ಬೇರೆಯಾಗಿ ಓದಿದಿರಿ ಎಂದು ಹುಡುಕಿರಿ. ಅಂತಹ ಸಾಲು ಸಿಗದಿದ್ದರೆ, ನಿಮ್ಮಲ್ಲಿ ಒಬ್ಬರು ಅಳತೆಗೋಲನ್ನು ಬಿಟ್ಟು ಆ ನಗುಮುಖಕ್ಕೆ ಅಂಕ ಕೊಟ್ಟಿದ್ದೀರಿ ಎಂದು ತಿಳಿಯಬಹುದು.